ವಿದ್ಯಾರ್ಥಿವೇತನದ ಪ್ರಬಂಧ: ಕಷ್ಟ ಎಷ್ಟು ಬರೆಯಲಿ, ಪಾಠ ಎಷ್ಟು ಬರೆಯಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬನಹಟ್ಟಿಯವಳು, ಬಿ.ಎ. ಕೊನೆಯ ವರ್ಷ. ಕನ್ನಡ, ಇತಿಹಾಸ ತೆಗೆದುಕೊಂಡಿದ್ದೇನೆ. ಅಪ್ಪ ಬೇರೆಯವರ ಮಗ್ಗದಲ್ಲಿ ಕೂಲಿ, ಅವ್ವ ಮನೆಯಲ್ಲೇ ನೂಲಿನ ಕಂಡಕಿ ಸುತ್ತುತ್ತಾಳೆ. ಇಬ್ಬರೂ ಶಾಲೆಯ ಮುಖ ನೋಡಿಲ್ಲ. ಅಣ್ಣ ಐಟಿಐ ಮಾಡಿದ್ದಾನೆ. ನನಗೆ ಬಿ.ಎಡ್ ಮಾಡಿ ಪ್ರಾಥಮಿಕ ಶಾಲೆ ಶಿಕ್ಷಕಿ ಆಗುವ ಆಸೆ. ಒಂದು ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ‘ನಾನು ಯಾಕೆ ಶಿಕ್ಷಕಿಯಾಗಬೇಕು’ ಎಂದು 500 ಪದಗಳ ಪ್ರಬಂಧ ಕೇಳಿದ್ದಾರೆ. ‘ಮನೆಯ ಕಷ್ಟ ಚೆನ್ನಾಗಿ ಬರಿ, ಓದಿದವರ ಕಣ್ಣಲ್ಲಿ ನೀರು ಬರಬೇಕು’ ಅಂತ ಎಲ್ಲರೂ ಹೇಳುತ್ತಾರೆ. ಪಿಯುಸಿಯಲ್ಲಿ ಇಂಗ್ಲಿಷ್ ಫೇಲಾಗಿ ಒಂದು ವರ್ಷ ಹೋಗಿದೆ, ಅದನ್ನು ಬಿಟ್ಟುಬಿಡಲೇ? ಅಣ್ಣ ಐಟಿಐ ಓದಿದ್ದರಿಂದ ನಾನು ‘ಮೊದಲ ತಲೆಮಾರು’ ಅಲ್ಲವೇ? ಇಂಗ್ಲಿಷ್‌ನಲ್ಲೇ ಬರೆದರೆ ಒಳ್ಳೆಯದಾ? ಕರಡು ಕಳಿಸಿದ್ದೇನೆ, ದಯವಿಟ್ಟು ನೋಡಿ.

ಉತ್ತರ: ಕರಡು ಓದಿದೆ. ಆಮೇಲೆ ನಾನು ಕೇಳಿದ ನಾಲ್ಕೈದು ಪ್ರಶ್ನೆಗಳಿಗೆ ನೀವು ಮೊಬೈಲ್‌ನಲ್ಲಿ ಬರೆದ ಉತ್ತರಗಳನ್ನೂ ಓದಿದೆ. ನಿಮ್ಮ ಕರಡಿಗಿಂತ ಆ ಉತ್ತರಗಳು ಎಷ್ಟೋ ಪಾಲು ಚೆನ್ನಾಗಿವೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಕಷ್ಟದ ವಿಷಯ. ನಾನು ಬಿ.ಎಡ್ ಕಾಲೇಜಿನಲ್ಲಿ ಪಾಠ ಮಾಡಿದವಳು. ಇಂಥ ಅರ್ಜಿಗಳನ್ನು ಓದಿ ಆಯ್ಕೆ ಮಾಡುವ ಸಮಿತಿಗಳಲ್ಲೂ ಕೂತಿದ್ದೇನೆ. ಅಲ್ಲಿ ಮೇಜಿನ ಮೇಲೆ ಬರುವ ಅರ್ಜಿಗಳೆಲ್ಲ ಕಷ್ಟದ ಮನೆಗಳಿಂದಲೇ ಬಂದಿರುತ್ತವೆ. ಆದಾಯದ ಮಿತಿ ಹಾಕಿಯೇ ಅರ್ಜಿ ಕರೆದಿರುತ್ತಾರಲ್ವಾ? ಹಾಗಾಗಿ ಬಡತನ ಒಂದರಿಂದಲೇ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ನೋಡಲು ಆಗುವುದಿಲ್ಲ. ಅದನ್ನು ನಿಮ್ಮ ಆದಾಯ ಪ್ರಮಾಣ ಪತ್ರ ಆಗಲೇ ಹೇಳಿದೆ. ಪ್ರಬಂಧ ಕೇಳುವುದು ಬೇರೆ ಯಾವ ಕಾಗದವೂ ಹೇಳದ ಸಂಗತಿ ತಿಳಿಯಲಿಕ್ಕೆ. ಈ ಹುಡುಗಿ ಮಕ್ಕಳ ಮುಂದೆ ಕೂತಾಗ ಏನು ಮಾಡುತ್ತಾಳೆ? ಅವಳಿಗೆ ಈ ಕೆಲಸ ಎಂಥದ್ದು ಅಂತ ಗೊತ್ತಿದೆಯಾ? ಓದುವವರು ಹುಡುಕುವುದು ಇದನ್ನು.

ಹಾಗಂತ ಮನೆಯ ವಿಷಯ ಬರೆಯಲೇಬಾರದು ಅಂತಲ್ಲ. ಬರೆಯಿರಿ, ಆದರೆ ವಿಶೇಷಣ ಬಿಟ್ಟು ಬರೆಯಿರಿ. ನಿಮ್ಮ ಕರಡಿನಲ್ಲಿ ‘ಬಡತನದ ಬೇಗೆಯಲ್ಲಿ ಬೆಂದು ನೊಂದ ಕುಟುಂಬ’ ಅಂತ ಇದೆ. ಈ ಸಾಲು ಎಷ್ಟು ಅರ್ಜಿಗಳಲ್ಲಿ ಬರುತ್ತದೆಂದರೆ ಓದುವವರ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ನನಗೆ ಕಳಿಸಿದ ಉತ್ತರದಲ್ಲಿ ನೀವು ಬರೆದದ್ದು ಹೀಗೆ: ‘ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಅವ್ವನ ಕಂಡಕಿಯೂ ಬೇಡ. ಆ ವಾರದ ಬಟವಡೆ ಅರ್ಧ.’ ಇಷ್ಟು ಸಾಕು. ಇದರಲ್ಲಿ ಅಳು ಇಲ್ಲ, ಆದರೆ ನಿಮ್ಮ ಮನೆ ಹೇಗೆ ನಡೆಯುತ್ತದೆ ಅಂತ ಪೂರ್ತಿ ಗೊತ್ತಾಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಕರಡಿನಲ್ಲಿ ‘ಅಪ್ಪನಿಗೆ ವಾರಕ್ಕೆ 3,000 ರೂಪಾಯಿ’ ಅಂತ ಬರೆದಿದ್ದೀರಿ. ಆದಾಯ ಪತ್ರದಲ್ಲಿ ವರ್ಷಕ್ಕೆ 40,000 ಇದೆ. ಓದುವವರು ಪೆನ್ನು ಹಿಡಿದೇ ಕೂತಿರುತ್ತಾರೆ. 3,000ವನ್ನು 52 ವಾರಕ್ಕೆ ಗುಣಿಸಿದರೆ 1,56,000 ಆಗುತ್ತದೆ. ಹೀಗೆ ತಾಳೆಯಾಗದ ಅರ್ಜಿ ಪಕ್ಕಕ್ಕೆ ಹೋಗುತ್ತದೆ, ಬರೆದವಳು ಸುಳ್ಳು ಹೇಳದಿದ್ದರೂ. ಪ್ರಬಂಧದಿಂದ ಅಂಕಿ ತೆಗೆದುಹಾಕಿ ಸುಮ್ನಿರುವುದು ಇದಕ್ಕೆ ಸರಿಯಾದ ದಾರಿಯಲ್ಲ, ಸಂದರ್ಶನದಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. ಅಪ್ಪನ ಹತ್ತಿರ ಕೂತು, ಕಳೆದ ವರ್ಷ ನಿಜವಾಗಿ ಎಷ್ಟು ವಾರ ಮಗ್ಗ ಓಡಿತು, ಪೂರ್ತಿ ಬಟವಡೆ ಎಷ್ಟು ಸಲ ಬಂತು, ಅವ್ವನ ದುಡ್ಡು ಎಷ್ಟು ಅಂತ ಲೆಕ್ಕ ಹಾಕಿ. ಅದು ಪತ್ರದಲ್ಲಿರುವುದಕ್ಕಿಂತ ಬಹಳ ಜಾಸ್ತಿ ಬಂದರೆ ನಾಡಕಚೇರಿಗೆ ಹೋಗಿ ಸರಿಯಾದ ಆದಾಯದ ಹೊಸ ಪತ್ರಕ್ಕೆ ಅರ್ಜಿ ಹಾಕಿ. ನೀವು ಕಳಿಸಿದ ಅರ್ಜಿ ನಮೂನೆಯಲ್ಲಿ ಮಿತಿ 2.5 ಲಕ್ಷ ಇದೆ. ನಿಜ ಹೇಳಿದರೂ ನೀವು ಆ ಮಿತಿಯೊಳಗೇ ಇರುತ್ತೀರಿ. ಹೊಸ ಪತ್ರ ಕೊನೆಯ ದಿನಾಂಕದೊಳಗೆ ಕೈಗೆ ಸಿಗುತ್ತದೋ ಇಲ್ಲವೋ ಅನ್ನುವುದೊಂದೇ ಅಪಾಯ. ಅದಕ್ಕೇ ಪ್ರಬಂಧ ತಿದ್ದುವ ಮೊದಲೇ ಈ ಕೆಲಸ ಶುರು ಮಾಡಿ.

ಇನ್ನು ಮುಖ್ಯ ವಿಷಯ. ನಿಮ್ಮ ಕರಡು ‘ಗುರುಬ್ರಹ್ಮ ಗುರುವಿಷ್ಣು’ವಿನಿಂದ ಶುರುವಾಗುತ್ತದೆ. ಆಮೇಲೆ ಶಿಕ್ಷಕ ವೃತ್ತಿ ಪವಿತ್ರ, ದೇಶದ ಭವಿಷ್ಯ ತರಗತಿಯಲ್ಲಿದೆ ಅಂತ ಅರ್ಧ ಪುಟ ಹೋಗುತ್ತದೆ. ಇದೆಲ್ಲ ಶಿಕ್ಷಕರ ದಿನಾಚರಣೆಯ ಭಾಷಣಕ್ಕೆ ಸರಿ. ಇಲ್ಲಿ ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಎರಡನೇ ಪುಟದ ಕೊನೆಯಲ್ಲಿ, ಮುಗಿಸುವ ಅವಸರದಲ್ಲಿ, ಒಂದು ಸಾಲು ಬರೆದಿದ್ದೀರಿ: ‘ನಾನು ಸಂಜೆ ಓಣಿಯ ಮಕ್ಕಳಿಗೆ ಪಾಠವನ್ನೂ ಹೇಳಿಕೊಡುತ್ತೇನೆ.’ ಅಲ್ಲಿಂದಲೇ ಪ್ರಬಂಧ ಶುರುವಾಗಬೇಕಿತ್ತು. ಅದಕ್ಕೇ ನಾನು ಕೇಳಿದೆ: ಯಾವ ಮಗುವಿಗೆ, ಯಾವ ಪಾಠ, ಎಲ್ಲಿ ಸಿಕ್ಕಿಹಾಕಿಕೊಂಡಿತು, ನೀವೇನು ಮಾಡಿದಿರಿ?

ನಿಮ್ಮ ಉತ್ತರವನ್ನು ಬೇರೆ ಓದುಗರಿಗೂ ತಿಳಿಯಲಿ ಅಂತ ಇಲ್ಲಿ ಹೇಳುತ್ತೇನೆ. ನಾಲ್ಕನೇ ತರಗತಿಯ ಹುಡುಗ. 52ರಲ್ಲಿ 27 ಕಳೆಯೋ ಅಂದರೆ 35 ಅಂತ ಬರೆಯುತ್ತಾನೆ. ಮೊದಲು ನೀವೂ ಅವನು ಅವಸರ ಮಾಡುತ್ತಾನೆ ಅಂತ ಬೈದಿರಿ. ಆಮೇಲೆ ಗಮನಿಸಿದಿರಿ, ಪ್ರತಿ ಸಲವೂ ತಪ್ಪು ಒಂದೇ ಥರ ಇದೆ. 5ರಲ್ಲಿ 2 ಹೋದರೆ 3. ಈ ಕಡೆ 2ರಲ್ಲಿ 7 ಹೋಗುವುದಿಲ್ಲ, ಅದಕ್ಕೆ ಅವನು ತಿರುಗಿಸಿ 7ರಲ್ಲಿ 2 ಕಳೆದು 5 ಬರೆಯುತ್ತಾನೆ. ‘ದೊಡ್ಡದರಲ್ಲಿ ಸಣ್ಣದು ಕಳೆಯಬೇಕು’ ಅಂತ ಯಾರೋ ಹೇಳಿದ್ದನ್ನು ಅವನು ತಪ್ಪದೇ ಪಾಲಿಸುತ್ತಿದ್ದಾನೆ. ಕೆಳಗಿನ ತರಗತಿಗಳಿಗೆ ಪಾಠ ಮಾಡಿದ ಶಿಕ್ಷಕರಿಗೆಲ್ಲ ಈ ತಪ್ಪು ಚೆನ್ನಾಗಿ ಗೊತ್ತು. ಹುಡುಗ ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. 52ರಲ್ಲಿರುವ 5 ಅಂದರೆ ಐದು ಹತ್ತುಗಳು ಅನ್ನುವುದು ಅವನ ತಲೆಯಲ್ಲಿ ಕೂತಿಲ್ಲ, ಅಷ್ಟೇ.

ಆಗ ನೀವು ಅವ್ವನ ಬುಟ್ಟಿಯಿಂದ ಖಾಲಿ ಕಂಡಕಿ ತಂದು ಹತ್ತು ಹತ್ತರ ಕಟ್ಟು ಕಟ್ಟಿದಿರಿ. ಐದು ಕಟ್ಟು, ಬಿಡಿ ಎರಡು. ‘ನನಗೆ ಇಪ್ಪತ್ತೇಳು ಕೊಡು’ ಅಂದಿರಿ. ಎರಡು ಕಟ್ಟು ಕೊಟ್ಟ. ಬಿಡಿ ಏಳು ಕೊಡಲಿಕ್ಕೆ ಅವನ ಹತ್ತಿರ ಎರಡೇ ಇವೆ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ತಾನೇ ಒಂದು ಕಟ್ಟಿನ ದಾರ ಬಿಚ್ಚಿದ. ಬಿಡಿ ಹನ್ನೆರಡಾಯಿತು, ಅದರಲ್ಲಿ ಏಳು ಕೊಟ್ಟ. ಉಳಿದದ್ದು ಎರಡು ಕಟ್ಟು, ಐದು ಬಿಡಿ. ‘ಹಂಗಾರ ದಶಕ ಅಂದ್ರ ಕಟ್ಟು ಏನಕ್ಕಾ?’ ಅಂತ ಕೇಳಿದ.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಚಂದದ ಕಥೆ ಆಗುತ್ತಿತ್ತು. ನನಗೆ ನಿಮ್ಮ ಮೇಲೆ ನಂಬಿಕೆ ಬಂದದ್ದು ಮುಂದಿನ ಸಾಲುಗಳಿಂದ. ಮರುದಿನ ಪಾಟಿಯ ಮೇಲೆ 61ರಲ್ಲಿ 38 ಕಳೆಯಲು ಕೊಟ್ಟರೆ ಅವನು ಮತ್ತೆ 37 ಬರೆದ ಅಂತ ಬರೆದಿದ್ದೀರಿ. ಕೈಯಲ್ಲಿ ಕಟ್ಟು ಇದ್ದಾಗ ಬಂದದ್ದು ಅಂಕಿಯಲ್ಲಿ ಬರಲಿಲ್ಲ. ಆಗ ನೀವು ಪಾಟಿಯ ಅರ್ಧ ಭಾಗದಲ್ಲಿ ಕಟ್ಟಿನ ಚಿತ್ರ, ಇನ್ನರ್ಧದಲ್ಲಿ ಅಂಕಿ ಬರೆಸಿದಿರಿ. ಕಟ್ಟು ಬಿಚ್ಚಿದಾಗಲೆಲ್ಲ 6ನ್ನು ಹೊಡೆದು 5 ಮಾಡಿಸಿದಿರಿ. ಅವನು ಚಿತ್ರ ಬಿಟ್ಟು ಬರೀ ಅಂಕಿಯಲ್ಲಿ 23 ಅಂತ ಸರಿಯಾಗಿ ಬರೆಯಲು ಇನ್ನೂ ಕೆಲವು ದಿನ ಬೇಕಾಯಿತು. ಕಲಿಸಿದ್ದು ಒಂದೇ ಸಲಕ್ಕೆ ಹತ್ತುವುದಿಲ್ಲ ಅಂತ ಕಂಡುಕೊಂಡು, ಎಲ್ಲಿ ಕಡಿಯಿತು ಅಂತ ಹುಡುಕಿದ್ದೀರಿ. ಬಿ.ಎಡ್ ಪ್ರಾಯೋಗಿಕ ಪಾಠದ ವೇಳೆ ಇದನ್ನು ಎಷ್ಟೋ ಜನರಿಗೆ ಹೇಳಿ ಹೇಳಿ ಕಲಿಸಬೇಕಾಗುತ್ತದೆ. ಇದನ್ನು ಪ್ರಬಂಧದಲ್ಲಿ ಬಿಡಬೇಡಿ. ಗೆದ್ದ ಭಾಗ ಮಾತ್ರ ಬರೆದು ಎಡವಿದ ಭಾಗ ಬಿಟ್ಟರೆ ಓದುವವರಿಗೆ ಅದು ಕಟ್ಟಿದ ಕಥೆಯ ಹಾಗೆ ಕಾಣುತ್ತದೆ. 500 ಪದಗಳಲ್ಲಿ ಅರ್ಧದಷ್ಟನ್ನು ಈ ಒಂದು ಘಟನೆಗೇ ಕೊಡಿ. ನನಗೆ ಬರೆದ ಮಾತಿನಲ್ಲೇ ಬರೆಯಿರಿ, ಹುಡುಗನ ಪ್ರಶ್ನೆ ಅವನ ಬಾಯಿಂದ ಬಂದ ಹಾಗೇ ಇರಲಿ. ಅವನ ಹೆಸರು ಮಾತ್ರ ಬೇಡ.

ಈಗ ನೀವು ನನ್ನನ್ನು ಕೇಳದೇ ಇದ್ದ ಒಂದು ವಿಷಯ. ನಿಮ್ಮ ಅರ್ಜಿಗೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಡಬಹುದಾದದ್ದು ಇದೇ. ‘ಬಿ.ಎಡ್ ಮುಗಿಸಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತೇನೆ’ ಅಂತ ಬರೆದಿದ್ದೀರಿ. ಆ ದಾರಿ ಈಗ ಮುಚ್ಚಿದೆ. 2018ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಬಿ.ಎಡ್ ಆದವರಿಗೂ 1ರಿಂದ 5ನೇ ತರಗತಿಗೆ ಅವಕಾಶ ಕೊಟ್ಟಿತ್ತು. ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳ ಸೇತುಬಂಧ ತರಬೇತಿ ಮುಗಿಸಿದರೆ ಆಗುತ್ತಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಸರಿಯಲ್ಲ ಎಂದು ತೀರ್ಪು ಕೊಟ್ಟಿತು. ಆ ತರಗತಿಗಳಿಗೆ ಬೇಕಾದದ್ದು ಡಿ.ಎಲ್.ಎಡ್, ಹಿಂದೆ ಎಲ್ಲರೂ ಡಿ.ಎಡ್ ಅನ್ನುತ್ತಿದ್ದ ಎರಡು ವರ್ಷದ ಕೋರ್ಸು. ಮನೆಯಲ್ಲಿ ಅಕ್ಕನೋ ಚಿಕ್ಕಪ್ಪನೋ ಶಿಕ್ಷಕರಾಗಿದ್ದರೆ ಊಟದ ಹೊತ್ತಿಗೇ ಈ ಮಾತು ಕಿವಿಗೆ ಬೀಳುತ್ತಿತ್ತು. ನಿಮ್ಮ ಮನೆಯಲ್ಲಿ ಹೇಳುವವರಿಲ್ಲ. ಮೊದಲ ತಲೆಮಾರು ಅನ್ನುವುದರ ನಿಜವಾದ ತೊಂದರೆ ಇಂಥ ಕಡೆ ಕಾಣುತ್ತದೆ.

ನಿಮ್ಮ ಮುಂದೆ ಎರಡು ದಾರಿ ಇವೆ. ಬಿ.ಎ. ಆದ ಮೇಲೆ ಡಿ.ಎಲ್.ಎಡ್ ಮಾಡಿದರೆ 1ರಿಂದ 5ಕ್ಕೂ ಅರ್ಹತೆ ಬರುತ್ತದೆ, ಪದವಿ ಇರುವುದರಿಂದ 6ರಿಂದ 8ಕ್ಕೂ ಬರುತ್ತದೆ. ಹೈಸ್ಕೂಲಿಗೆ ಬರುವುದಿಲ್ಲ. ಬಿ.ಎಡ್ ಮಾಡಿದರೆ 6ರಿಂದ 8 ಮತ್ತು ಹೈಸ್ಕೂಲು ತೆರೆಯುತ್ತದೆ, ಕೆಳಗಿನ ಐದು ತರಗತಿ ಇಲ್ಲ. ಡಿ.ಎಲ್.ಎಡ್‌ಗೆ ಪಿಯುಸಿಯಲ್ಲಿ, ಬಿ.ಎಡ್‌ಗೆ ಪದವಿಯಲ್ಲಿ ಸಾಮಾನ್ಯವಾಗಿ ಶೇ 50 ಅಂಕ ಬೇಕು, ಮೀಸಲಾತಿ ಇರುವವರಿಗೆ ಸ್ವಲ್ಪ ಸಡಿಲಿಕೆ ಇದೆ. ಪಿಯುಸಿಯಲ್ಲಿ ಒಂದು ಸಲ ಫೇಲಾಗಿ ಆಮೇಲೆ ಪಾಸಾದವರು ತಮ್ಮ ಶೇಕಡಾವಾರು ಎಷ್ಟು ಅಂತ ಮೊದಲೇ ನೋಡಿಕೊಳ್ಳಬೇಕು. ಎರಡೂ ದಾರಿಯಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಇದೆ: 1ರಿಂದ 5ಕ್ಕೆ ಮೊದಲ ಪತ್ರಿಕೆ, 6ರಿಂದ 8ಕ್ಕೆ ಎರಡನೆಯದು.

ಇನ್ನೊಂದು ಸೂಕ್ಷ್ಮ ಇದೆ. ಕೆಳಗಿನ ತರಗತಿಗಳಲ್ಲಿ ಕನ್ನಡ, ಗಣಿತ, ಪರಿಸರ ಎಲ್ಲವನ್ನೂ ಹೆಚ್ಚಾಗಿ ಒಬ್ಬರೇ ಶಿಕ್ಷಕರು ಹೇಳಿಕೊಡುತ್ತಾರೆ. ಮೇಲಿನ ತರಗತಿಗಳಲ್ಲಿ ವಿಷಯ ಹಂಚಿರುತ್ತದೆ. ಕನ್ನಡ, ಇತಿಹಾಸ ಓದಿದವರು ಬಿ.ಎಡ್‌ನಲ್ಲಿ ಆರಿಸಿಕೊಳ್ಳುವ ಬೋಧನಾ ವಿಷಯಗಳೂ ಕನ್ನಡ ಮತ್ತು ಸಮಾಜವೇ, ಗಣಿತ ಸಿಗುವುದಿಲ್ಲ. ಅಂದರೆ ಪ್ರಬಂಧದಲ್ಲಿ ಕಳೆಯುವ ಲೆಕ್ಕ ಹೇಳಿಕೊಟ್ಟದ್ದನ್ನು ಬರೆದು, ಕೊನೆಯಲ್ಲಿ ಬಿ.ಎಡ್ ಮಾಡುತ್ತೇನೆ ಅಂದರೆ ಎರಡಕ್ಕೂ ಹೊಂದುವುದಿಲ್ಲ. ಶಿಕ್ಷಣ ಕ್ಷೇತ್ರದವರು ಯಾರಾದರೂ ಸಮಿತಿಯಲ್ಲಿದ್ದರೆ ತಕ್ಷಣ ಹಿಡಿಯುತ್ತಾರೆ. ನೀವು ಬರೆದದ್ದನ್ನೆಲ್ಲ ನೋಡಿದರೆ ನಿಮ್ಮ ಮನಸ್ಸು ಸಣ್ಣ ಮಕ್ಕಳ ಕಡೆ ಇದೆ. ಹಾಗಿದ್ದರೆ ಡಿ.ಎಲ್.ಎಡ್ ನಿಮಗೆ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ‘ಡಿಗ್ರಿ ಮಾಡಿ ಮತ್ತೆ ಪಿಯುಸಿ ಮೇಲಿನ ಕೋರ್ಸಾ?’ ಅಂತ ಜನ ಕೇಳುತ್ತಾರೆ, ಕೇಳಲಿ. ಹೈಸ್ಕೂಲೇ ಬೇಕು ಅನ್ನಿಸಿದರೆ ಬಿ.ಎಡ್ ಮಾಡಿ, ಆಗ ಪ್ರಬಂಧಕ್ಕೆ ಕನ್ನಡ ಓದಿಸಿದ ಘಟನೆ ಯಾವುದಾದರೂ ನಿಮ್ಮಲ್ಲಿದ್ದರೆ ಅದನ್ನು ಆರಿಸಿಕೊಳ್ಳಿ. ಇಲ್ಲದ್ದನ್ನು ಹುಟ್ಟಿಸಬೇಡಿ. ನಿರ್ಧಾರಕ್ಕೆ ಮೊದಲು ಇಳಕಲ್‌ನಲ್ಲಿರುವ ನಿಮ್ಮ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ಗೆ ಒಂದು ಸಲ ಹೋಗಿ ಬನ್ನಿ. ಈ ವರ್ಷದ ಪ್ರವೇಶದ ನಿಯಮ, ಶುಲ್ಕ ಎರಡನ್ನೂ ಅಲ್ಲಿ ಕೇಳಬಹುದು. ಆಮೇಲೆ ಟ್ರಸ್ಟಿನ ನಿಯಮ ಓದಿ, ಅವರು ಡಿಪ್ಲೊಮಾ ಕೋರ್ಸಿಗೂ ಹಣ ಕೊಡುತ್ತಾರಾ ಅಂತ ನೋಡಿಕೊಳ್ಳಿ. ಕೆಲವರು ಪದವಿ ಕೋರ್ಸಿಗೆ ಮಾತ್ರ ಕೊಡುತ್ತಾರೆ.

ಇದನ್ನೆಲ್ಲ ಪ್ರಬಂಧದಲ್ಲಿ ನಾಲ್ಕೇ ಸಾಲಿನಲ್ಲಿ ಹೇಳಬಹುದು. ಯಾವ ಕೋರ್ಸು, ಅದರ ನಂತರ ಟಿಇಟಿಯ ಯಾವ ಪತ್ರಿಕೆ, ಯಾವ ತರಗತಿಯ ಮಕ್ಕಳು, ಈ ಹಣ ಯಾವುದಕ್ಕೆ ಬೇಕು. ಶುಲ್ಕಕ್ಕಾ, ಹಾಸ್ಟೆಲ್‌ಗಾ, ಬಸ್ಸಿಗಾ, ಬರೆದುಬಿಡಿ. ಬರೀ ‘ಆರ್ಥಿಕ ನೆರವು’ ಅನ್ನಬೇಡಿ. ‘ನನ್ನ ಊರಿನಲ್ಲಿ ಒಬ್ಬರೂ ಅನಕ್ಷರಸ್ಥರು ಇರದಂತೆ ಮಾಡುತ್ತೇನೆ’ ಅನ್ನುವ ಸಾಲನ್ನು ತೆಗೆಯಿರಿ, ಒಬ್ಬ ಶಿಕ್ಷಕಿಯ ಕೈಯಲ್ಲಿ ಆಗುವ ಮಾತಲ್ಲ ಅದು.

ಪಿಯುಸಿಯ ವರ್ಷ ಮುಚ್ಚಿಡುವುದಂತೂ ಬೇಡ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳಲ್ಲಿರುವ ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ ಅಂತರ ಕಾಣುತ್ತದೆ. ಆದರೆ ಅದಕ್ಕೆ ಪೂರ್ತಿ ಪ್ಯಾರಾ ಕೂಡ ಬೇಡ. ಏನಾಯಿತು, ಆ ವರ್ಷ ಏನು ಮಾಡಿದಿರಿ, ಹೇಗೆ ಪಾಸಾದಿರಿ ಅಂತ ಮೂರು ಸಾಲು ಸಾಕು. ಆ ವರ್ಷ ಅವ್ವನ ಜೊತೆ ಕಂಡಕಿ ಸುತ್ತಿದೆ, ಸಂಜೆ ಪಕ್ಕದ ಓಣಿಯ ಅಕ್ಕೋರ ಹತ್ತಿರ ಹೋಗಿ ಇಂಗ್ಲಿಷ್ ಓದಿಸಿಕೊಂಡೆ ಅಂತ ನನಗೆ ಬರೆದಿದ್ದೀರಲ್ಲ, ಅಷ್ಟೇ. ‘ಮಾಸ್ತರು ಸರಿಯಾಗಿ ಕಲಿಸಲಿಲ್ಲ’ ಅನ್ನುವುದು ನಿಜವೇ ಇರಬಹುದು. ಆದರೂ ಬರೆಯಬೇಡಿ, ನಾಳೆ ನೀವೇ ಆ ಜಾಗದಲ್ಲಿ ನಿಲ್ಲುವವರು ಅಂತ ಓದುವವರು ನೋಡುತ್ತಿರುತ್ತಾರೆ.

ಅಣ್ಣನ ವಿಷಯ. ‘ಮೊದಲ ತಲೆಮಾರು’ ಅನ್ನುವುದಕ್ಕೆ ಎಲ್ಲರೂ ಒಂದೇ ಅರ್ಥ ಇಟ್ಟುಕೊಂಡಿಲ್ಲ. ತಂದೆ ತಾಯಿ ಇಬ್ಬರೂ ಕಾಲೇಜು ಓದಿರಬಾರದು ಅಂತ ಕೆಲವರು ನೋಡುತ್ತಾರೆ. ಮನೆಯಲ್ಲೇ ಮೊದಲ ಪದವೀಧರರಾಗಿರಬೇಕು ಅಂತ ಇನ್ನು ಕೆಲವರು. ಅಣ್ಣನ ಐಟಿಐ ಪದವಿಯಲ್ಲ, ಹಾಗಾಗಿ ಈ ಎರಡೂ ಅರ್ಥದಲ್ಲಿ ನೀವು ಮೊದಲ ತಲೆಮಾರೇ. ಆದರೂ ಅರ್ಜಿಯಲ್ಲಿ ಕೊಟ್ಟಿರುವ ವಿವರಣೆ ಓದಿ, ಸ್ಪಷ್ಟ ಇಲ್ಲದಿದ್ದರೆ ಅವರ ಕಚೇರಿಗೆ ಫೋನ್ ಮಾಡಿ ಕೇಳಿ. ಅಣ್ಣನನ್ನು ಕುಟುಂಬದ ಪಟ್ಟಿಯಿಂದ ಬಿಡುವುದು ಮಾತ್ರ ದೊಡ್ಡ ತಪ್ಪಾಗುತ್ತದೆ. ಪಡಿತರ ಚೀಟಿಯಲ್ಲಿ ಅವನ ಹೆಸರಿದೆ, ಆ ಚೀಟಿಯನ್ನೂ ಅವರು ಕೇಳಿದ್ದಾರೆ.

ಭಾಷೆ ಯಾವುದು ಅಂತ ಕೇಳಿದ್ದೀರಿ. ಅರ್ಜಿಯಲ್ಲಿ ‘ಕನ್ನಡ ಅಥವಾ ಇಂಗ್ಲಿಷ್’ ಅಂತ ಇದೆ. ಕನ್ನಡದಲ್ಲೇ ಬರೆಯಿರಿ. ಬೇರೆಯವರಿಂದ ಇಂಗ್ಲಿಷ್‌ನಲ್ಲಿ ಬರೆಸಿದರೆ ಸಂದರ್ಶನದಲ್ಲಿ ಒಂದು ಪದದ ಅರ್ಥ ಕೇಳಿದರೂ ಕಷ್ಟ. ಸೈಬರ್ ಅಂಗಡಿಯಲ್ಲಿ ಸಿಗುವ ಸಿದ್ಧ ಪ್ರಬಂಧಕ್ಕೂ ಇದೇ ಮಾತು. ಒಂದೇ ತಾಲ್ಲೂಕಿನಿಂದ ಬಂದ ಅರ್ಜಿಗಳಲ್ಲಿ ಅದೇ ಪ್ಯಾರಾ ಮತ್ತೆ ಮತ್ತೆ ಕಾಣಿಸಿಕೊಂಡರೆ ಅಂಥವೆಲ್ಲ ಒಟ್ಟಿಗೆ ತಿರಸ್ಕಾರವಾಗುತ್ತವೆ.

ಟೈಪ್ ಮಾಡಿಸುವಾಗ ಒಂದು ಅಪಾಯ ಇದೆ. ಅಂಗಡಿಯವರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿ ಅದನ್ನು ಜಾಲತಾಣದ ಪೆಟ್ಟಿಗೆಗೆ ಅಂಟಿಸಿದರೆ, ಆ ಕಡೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ ಅಂತ ಹೇಳಿ. ನಿಮ್ಮ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆದರೆ ಅದು ಯುನಿಕೋಡೇ ಆಗಿರುತ್ತದೆ. ಕೆಲವು ಪೆಟ್ಟಿಗೆಗಳು ಪದ ಬಿಟ್ಟು ಅಕ್ಷರ ಎಣಿಸುತ್ತವೆ. ಕನ್ನಡದ ಕಾಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆಗೆ ಬರುವುದರಿಂದ ಜಾಗ ಬೇಗ ತುಂಬಿ ಕೊನೆಯ ಸಾಲುಗಳು ಕತ್ತರಿಸಿ ಹೋಗಬಹುದು. ಸಲ್ಲಿಸುವ ಗುಂಡಿ ಒತ್ತುವ ಮುಂಚೆ ಪರದೆಯ ಮೇಲೆ ಕೊನೆಯ ಸಾಲಿನ ತನಕ ಓದಿ ನೋಡಿ.

ಹಾಗೆಯೇ, ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿ. ಅಲ್ಲಿ ಪ್ರಬಂಧ ಕೇಳುವುದಿಲ್ಲ, ದಾಖಲೆ ಸರಿ ಇದ್ದರೆ ಸಾಕು. ಎರಡನ್ನೂ ಒಟ್ಟಿಗೆ ಪಡೆಯಬಹುದಾ ಅನ್ನುವುದಕ್ಕೆ ಟ್ರಸ್ಟಿನ ನಿಯಮ ನೋಡಿ, ಬೇರೆ ಅರ್ಜಿ ಹಾಕಿದ್ದೀರಾ ಅಂತ ಕೇಳಿದ ಕಡೆ ಹೌದು ಅಂತಲೇ ಬರೆಯಿರಿ.

ಹೊಸ ಕರಡು ಆದ ಮೇಲೆ ಮೊದಲು ಮನೆಯಲ್ಲಿ ಅಪ್ಪ ಅವ್ವನಿಗೆ ಓದಿ ಹೇಳಿ. ಬಟವಡೆ, ಮಗ್ಗ, ಕಂಡಕಿಯ ಬಗ್ಗೆ ಬರೆದದ್ದು ಸರಿ ಇದೆಯಾ ಅಂತ ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ತಮ್ಮ ಬಗ್ಗೆ ಏನು ಬರೆಯಬಹುದು, ಏನು ಬೇಡ ಅನ್ನುವುದನ್ನೂ ಅವರೇ ಹೇಳಬೇಕು. ಆಮೇಲೆ ನನಗೆ ಕಳಿಸಿ. ಕಾಗುಣಿತ ಮತ್ತು ಅಂಕಿ ಸಂಖ್ಯೆ ನೋಡಿ ಕೊಡುತ್ತೇನೆ, ವಾಕ್ಯ ಮುಟ್ಟುವುದಿಲ್ಲ. ಸಲ್ಲಿಸಿದ್ದರ ಒಂದು ಪ್ರತಿ ಕೈಯಲ್ಲಿ ಇಟ್ಟುಕೊಳ್ಳಿ. ಸಂದರ್ಶನಕ್ಕೆ ಕರೆದರೆ ಅವರು ಕೇಳುವುದು ಆ ಹುಡುಗನ 35ರ ಬಗ್ಗೆಯೇ ಇರುತ್ತದೆ, ಒಂದು ಹಾಳೆ ಕೊಟ್ಟು ಮಾಡಿ ತೋರಿಸಿ ಅಂತಲೂ ಅನ್ನಬಹುದು.